ಅಡ್ಡ ಕೊಯ್ದರೆ ಹಗುರವಾಗುವ ಲೆಕ್ಕ

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಎರಡು ಗೆರೆಗಳ ನಡುವೆ ಸಿಕ್ಕಿಕೊಂಡ ಜಾಗದ ವಿಸ್ತೀರ್ಣ ಕಂಡುಹಿಡಿಯುವ ಲೆಕ್ಕ ನೆನಪಿರಬಹುದು. ಮೇಲಿನ ಗೆರೆಯಿಂದ ಕೆಳಗಿನ ಗೆರೆಯನ್ನು ಕಳೆಯಬೇಕು, ಎಡತುದಿಯ x ನಿಂದ ಬಲತುದಿಯ x ವರೆಗೆ ಅನುಕಲನ ಮಾಡಬೇಕು, ಉತ್ತರ ಬರೆಯಬೇಕು. ತರಗತಿಯಲ್ಲಿ ಇದನ್ನೇ ಇಂಟಿಗ್ರೇಷನ್ ಅನ್ನುತ್ತೇವೆ. ಬಹಳಷ್ಟು ಲೆಕ್ಕಗಳು ಈ ದಾರಿಯಲ್ಲಿ ಸಲೀಸಾಗಿ ಸಾಗುತ್ತವೆ. ಆದರೆ ಕೆಲವು ಲೆಕ್ಕಗಳಲ್ಲಿ ಇದೇ ದಾರಿ ಹಿಡಿದವರು ಅರ್ಧ ಪುಟ ಬರೆದು, ವರ್ಗಮೂಲಗಳ ನಡುವೆ ಸಿಕ್ಕಿ, ಕೊನೆಗೆ ತಪ್ಪು ಉತ್ತರಕ್ಕೆ ಬಂದು ನಿಲ್ಲುತ್ತಾರೆ. ಪಕ್ಕದಲ್ಲಿ ಕುಳಿತವರು ಅದೇ ಲೆಕ್ಕವನ್ನು ಮೂರು ಸಾಲಿನಲ್ಲಿ ಮುಗಿಸಿರುತ್ತಾರೆ. ಅವರು ಬೇರೆ ಸೂತ್ರವನ್ನೇನೂ ಬಳಸಿರುವುದಿಲ್ಲ. ಜಾಗವನ್ನು ನಿಲುವಾಗಿ ಸೀಳುವ ಬದಲು ಅಡ್ಡಡ್ಡ ಸೀಳಿರುತ್ತಾರೆ, ಅಷ್ಟೆ.

ಹೀಗೆ ಮಾಡಬಹುದು ಎಂದು ಪಠ್ಯಪುಸ್ತಕ ಹೇಳುತ್ತದೆ. ಯಾವಾಗ ಮಾಡಬೇಕು, ಏಕೆ ಮಾಡಬೇಕು ಎಂಬುದು ಮಾತ್ರ ಎಷ್ಟೋ ಸಲ ಮಕ್ಕಳಿಗೆ ತಲುಪುವುದಿಲ್ಲ. ಅದನ್ನು ಒಂದೇ ಒಂದು ಲೆಕ್ಕವನ್ನು ಹಿಡಿದು ನಿಧಾನವಾಗಿ ನೋಡೋಣ. ಕೈಯಲ್ಲೊಂದು ಗ್ರಾಫ್ ಹಾಳೆ ಇದ್ದರೆ ಇನ್ನೂ ಒಳ್ಳೆಯದು.

ಎರಡು ಗೆರೆ, ಒಂದು ಜಾಗ

ಮೊದಲ ಗೆರೆ y² = x. ಇದೊಂದು ಪರವಲಯ. ಸಾಮಾನ್ಯವಾಗಿ ನಾವು ನೋಡುವ ಪರವಲಯ ಬಟ್ಟಲಿನ ಹಾಗೆ ಮೇಲ್ಮುಖವಾಗಿ ತೆರೆದಿರುತ್ತದೆ, ಇದು ಬಲಕ್ಕೆ ಬಾಯಿ ತೆರೆದು ಮಲಗಿದೆ. ಅದರ ಮೂಗು (0, 0) ಬಿಂದುವಿನಲ್ಲಿದೆ. ಅಲ್ಲಿಂದ ಒಂದು ತೋಳು ಮೇಲಕ್ಕೂ ಇನ್ನೊಂದು ಕೆಳಕ್ಕೂ ಬಾಗುತ್ತ ಬಲಕ್ಕೆ ಹೋಗುತ್ತವೆ. ಎರಡನೆಯದು y = x − 2 ಎಂಬ ನೇರ ಗೆರೆ. ಅದು (0, −2) ರಿಂದ ಹೊರಟು ಓರೆಯಾಗಿ ಮೇಲೇರುತ್ತದೆ.

ಇವೆರಡೂ ಎಲ್ಲಿ ಸೇರುತ್ತವೆ ಎಂದು ನೋಡಬೇಕು. ನೇರ ಗೆರೆಯ ಮೇಲೆ x = y + 2. ಪರವಲಯದ ಮೇಲೆ x = y². ಸೇರುವಲ್ಲಿ ಎರಡೂ ಒಂದೇ ಆಗಬೇಕು. ಆದ್ದರಿಂದ y² = y + 2, ಅಂದರೆ (y − 2)(y + 1) = 0. y ಬೆಲೆ 2 ಅಥವಾ −1. ಸೇರುವ ಬಿಂದುಗಳು (4, 2) ಮತ್ತು (1, −1). ಈ ಎರಡು ಬಿಂದುಗಳ ನಡುವೆ, ಎಡಕ್ಕೆ ಪರವಲಯ, ಬಲಕ್ಕೆ ಓರೆ ಗೆರೆ ಇರುವ ಒಂದು ಮುಚ್ಚಿದ ಜಾಗ ಸಿಗುತ್ತದೆ. ಅದರ ವಿಸ್ತೀರ್ಣ ಎಷ್ಟು ಎಂಬುದೇ ಪ್ರಶ್ನೆ.

ನಿಲುವಾಗಿ ಸೀಳಿದಾಗ

ಮೊದಲು ಎಲ್ಲರೂ ಹಿಡಿಯುವ ದಾರಿಯಲ್ಲೇ ಹೋಗೋಣ. ಜಾಗವನ್ನು ತೆಳ್ಳನೆಯ ನಿಲುವು ಪಟ್ಟಿಗಳಾಗಿ ಸೀಳುತ್ತೇವೆ. ಪ್ರತಿ ಪಟ್ಟಿಯ ಅಗಲ dx. ಅದರ ಎತ್ತರ ಮೇಲಿನ ಗೆರೆಯ y ನಿಂದ ಕೆಳಗಿನ ಗೆರೆಯ y ಕಳೆದಷ್ಟು. ಎತ್ತರವನ್ನು ಅಗಲದಿಂದ ಗುಣಿಸಿ ಎಲ್ಲ ಪಟ್ಟಿಗಳನ್ನೂ ಕೂಡಿದರೆ ವಿಸ್ತೀರ್ಣ.

ಇದಕ್ಕೆ ಪರವಲಯದ ಸಮೀಕರಣವನ್ನು y ಎಷ್ಟು ಎಂದು ಹೇಳುವಂತೆ ತಿರುಗಿಸಿಕೊಳ್ಳಬೇಕು. y² = x ಆದ್ದರಿಂದ ಮೇಲಿನ ತೋಳು y = √x, ಕೆಳಗಿನ ತೋಳು y = −√x. ಒಂದು ಸಮೀಕರಣ ಎರಡಾಯಿತು. ಈಗ x = 0.5 ಇರುವಲ್ಲಿ ಒಂದು ನಿಲುವು ಪಟ್ಟಿ ಎಳೆಯಿರಿ. ಅದರ ಮೇಲ್ತುದಿ ಪರವಲಯದ ಮೇಲಿನ ತೋಳನ್ನು ಮುಟ್ಟುತ್ತದೆ, ಕೆಳತುದಿ ಅದೇ ಪರವಲಯದ ಕೆಳಗಿನ ತೋಳನ್ನು ಮುಟ್ಟುತ್ತದೆ. ನೇರ ಗೆರೆಯ ಪ್ರಸ್ತಾಪವೇ ಇಲ್ಲ. ಇನ್ನು x = 2 ಇರುವಲ್ಲಿ ಮತ್ತೊಂದು ಪಟ್ಟಿ ಎಳೆಯಿರಿ. ಮೇಲ್ತುದಿ ಪರವಲಯದಲ್ಲೇ ಇದೆ, ಕೆಳತುದಿ ಮಾತ್ರ ಈಗ ನೇರ ಗೆರೆಯ ಮೇಲೆ ಬಂದು ಕೂತಿದೆ. ಈ ಬದಲಾವಣೆ x = 1 ರಲ್ಲಿ ಆಗುತ್ತದೆ. ಹಾಗಾಗಿ ಲೆಕ್ಕವನ್ನು ಅಲ್ಲಿ ಕಡಿದು ಎರಡು ತುಂಡು ಮಾಡದೆ ವಿಧಿಯಿಲ್ಲ.

ಮೊದಲ ತುಂಡು:

∫₀¹ [√x − (−√x)] dx = ∫₀¹ 2√x dx = 4/3

ಎರಡನೆಯ ತುಂಡು:

∫₁⁴ [√x − (x − 2)] dx = 19/6

ಎರಡನ್ನೂ ಕೂಡಿದರೆ 8/6 + 19/6 = 27/6, ಅಂದರೆ 4.5. ಉತ್ತರ ಸರಿಯಾಗಿದೆ. ಆದರೆ ಎರಡು ಅನುಕಲನ, ಎರಡು ಬಗೆಯ ಎತ್ತರ, ಎರಡು ಜೊತೆ ಮಿತಿ, ಜೊತೆಗೆ ಭಿನ್ನ ಘಾತದ ವರ್ಗಮೂಲ. ಇಷ್ಟೆಲ್ಲ ಎಚ್ಚರ ಬೇಡುವ ಕೆಲಸ ಇದು.

ಅಡ್ಡ ಸೀಳಿದಾಗ

ಈಗ ಅದೇ ಜಾಗವನ್ನು ಅಡ್ಡ ಪಟ್ಟಿಗಳಾಗಿ ಸೀಳಿ. y = 0 ಇರುವಲ್ಲಿ ಒಂದು ಪಟ್ಟಿ: ಎಡತುದಿ ಪರವಲಯದ ಮೇಲೆ, ಬಲತುದಿ ನೇರ ಗೆರೆಯ ಮೇಲೆ. y = 1 ಇರುವಲ್ಲಿ ಇನ್ನೊಂದು: ಎಡತುದಿ ಪರವಲಯ, ಬಲತುದಿ ನೇರ ಗೆರೆ. y = −0.5 ಕ್ಕೆ ಹೋದರೂ ಅದೇ. ಕೆಳಗಿನ ಬಿಂದುವಿನಿಂದ ಮೇಲಿನ ಬಿಂದುವಿನವರೆಗೆ ಯಾವ ಪಟ್ಟಿಯನ್ನು ತೆಗೆದುಕೊಂಡರೂ ಅದು ಅದೇ ಎರಡು ಗೆರೆಗಳ ನಡುವೆ, ಅದೇ ಕ್ರಮದಲ್ಲಿ ನಿಂತಿದೆ. ಎಲ್ಲೂ ಕಡಿಯಬೇಕಾಗಿಲ್ಲ.

ಪಟ್ಟಿಯ ದಪ್ಪ ಈಗ dy. ಉದ್ದ ಎಷ್ಟು? ಬಲಗಡೆಯ x ನಿಂದ ಎಡಗಡೆಯ x ಕಳೆದಷ್ಟು. ಬಲಕ್ಕೆ x = y + 2, ಎಡಕ್ಕೆ x = y². ಪರವಲಯದ ಸಮೀಕರಣ ನಮಗೆ ಸಿಕ್ಕಾಗಲೇ ಈ ರೂಪದಲ್ಲಿತ್ತು. ವರ್ಗಮೂಲವನ್ನು ನಾವೇ ಬಲವಂತವಾಗಿ ಒಳಗೆ ತಂದಿದ್ದೆವು, ಈಗ ಅದು ಬೇಕಾಗಿಲ್ಲ. y ಬೆಲೆ −1 ರಿಂದ 2 ರವರೆಗೆ ಓಡುತ್ತದೆ.

∫₋₁² (y + 2 − y²) dy

ಇದರ ಅನುಕಲನ y²/2 + 2y − y³/3. ಮೇಲಿನ ಮಿತಿ 2 ಹಾಕಿದರೆ 10/3, ಕೆಳಗಿನ ಮಿತಿ −1 ಹಾಕಿದರೆ −7/6. ಕಳೆದರೆ 27/6, ಅಂದರೆ 4.5. ಅದೇ ಉತ್ತರ, ಒಂದೇ ಅನುಕಲನದಲ್ಲಿ.

ಹಾಗಾದರೆ ಸೀಳುವ ದಿಕ್ಕನ್ನು ನಿರ್ಧರಿಸಬೇಕಾದದ್ದು ಅಭ್ಯಾಸವಲ್ಲ, ಒಂದು ಪ್ರಶ್ನೆ: ಈ ದಿಕ್ಕಿನಲ್ಲಿ ಎಳೆದ ಪಟ್ಟಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅದೇ ಎರಡು ಗೆರೆಗಳನ್ನು ಮುಟ್ಟುತ್ತ ಹೋಗುತ್ತದೆಯೇ? ಹೌದಾದರೆ ಒಂದು ಅನುಕಲನ ಸಾಕು. ನಡುವೆ ಗೆರೆ ಬದಲಾದರೆ, ಬದಲಾದಲ್ಲೆಲ್ಲ ಕಡಿಯಬೇಕು. ಚಿತ್ರ ಬರೆದು, ಪೆನ್ಸಿಲ್ಲನ್ನು ಮೊದಲು ನಿಲುವಾಗಿ ಹಿಡಿದು ಎಡದಿಂದ ಬಲಕ್ಕೆ, ಆಮೇಲೆ ಅಡ್ಡ ಹಿಡಿದು ಕೆಳಗಿನಿಂದ ಮೇಲಕ್ಕೆ ಸರಿಸಿದರೆ ಅರ್ಧ ನಿಮಿಷದಲ್ಲಿ ಇದು ಗೊತ್ತಾಗುತ್ತದೆ.

ಆರು ಪಟ್ಟಿಗಳನ್ನು ಕೈಯಾರೆ ಅಳೆದರೆ

ಅನುಕಲನ ಗೊತ್ತಿಲ್ಲದವರೂ ಈ ಉತ್ತರವನ್ನು ಪರೀಕ್ಷಿಸಬಹುದು. ಜಾಗದ ಒಟ್ಟು ಎತ್ತರ −1 ರಿಂದ 2 ರವರೆಗೆ 3. ಅದನ್ನು 0.5 ದಪ್ಪದ ಆರು ಅಡ್ಡ ಪಟ್ಟಿಗಳಾಗಿ ಸೀಳೋಣ. ಪ್ರತಿ ಪಟ್ಟಿಯ ನಟ್ಟನಡುವೆ ಅದರ ಉದ್ದ ಅಳೆಯೋಣ. ತೀರಾ ಕೆಳಗಿನ ಪಟ್ಟಿಯ ನಡು y = −0.75 ರಲ್ಲಿದೆ. ಅಲ್ಲಿ ನೇರ ಗೆರೆಯ x ಬೆಲೆ 1.25, ಪರವಲಯದ x ಬೆಲೆ 0.5625. ಪಟ್ಟಿಯ ಉದ್ದ 0.6875. ಹೀಗೇ ಮೇಲಕ್ಕೆ ಹೋದರೆ ಉದ್ದಗಳು ಕ್ರಮವಾಗಿ 0.6875, 1.6875, 2.1875, 2.1875, 1.6875, 0.6875.

ಆರನ್ನೂ ಕೂಡಿದರೆ 9.125. ದಪ್ಪ 0.5 ರಿಂದ ಗುಣಿಸಿದರೆ 4.5625. ಬರೀ ಆರು ಪಟ್ಟಿಗೇ ಉತ್ತರ 4.5 ರ ಪಕ್ಕಕ್ಕೆ ಬಂದಿದೆ. ದಪ್ಪವನ್ನು 0.1 ಕ್ಕೆ ಇಳಿಸಿ ಮೂವತ್ತು ಪಟ್ಟಿ ಮಾಡಿದರೆ 4.5025 ಬರುತ್ತದೆ. ಪಟ್ಟಿ ತೆಳುವಾದಷ್ಟೂ ಮೊತ್ತ 4.5 ಕ್ಕೆ ಹತ್ತಿರವಾಗುತ್ತ ಹೋಗುತ್ತದೆ. ಆ ಹತ್ತಿರವಾಗುವಿಕೆಯ ಕೊನೆಯ ಬೆಲೆಯನ್ನು ನೇರವಾಗಿ ಹೇಳುವುದೇ ಅನುಕಲನದ ಕೆಲಸ. ಲೈಬ್‌ನಿಟ್ಸ್ 1675 ರ ಅಕ್ಟೋಬರ್‌ 29 ರ ತನ್ನ ಟಿಪ್ಪಣಿಯಲ್ಲಿ ಮೊದಲ ಬಾರಿಗೆ ಬರೆದ ∫ ಚಿಹ್ನೆ ಮೊತ್ತ ಎಂಬರ್ಥದ ಲ್ಯಾಟಿನ್ ಪದದ ಮೊದಲಕ್ಷರವನ್ನು ಉದ್ದಕ್ಕೆ ಎಳೆದದ್ದು. ಅದರ ಬಲಗಡೆ ಬರುವ dy ಅಂದರೆ ನಾವು ಈಗ 0.5 ಎಂದೂ 0.1 ಎಂದೂ ಹಾಕಿದ ಆ ದಪ್ಪವೇ.

ಆರು ಉದ್ದಗಳನ್ನು ಇನ್ನೊಮ್ಮೆ ನೋಡಿ. ಮೊದಲನೆಯದೂ ಕೊನೆಯದೂ ಒಂದೇ, ಎರಡನೆಯದೂ ಐದನೆಯದೂ ಒಂದೇ, ನಡುವಿನ ಎರಡೂ ಒಂದೇ. ಚಿತ್ರ ನೋಡಿದರೆ ಜಾಗ ಓರೆಯಾಗಿದೆ, ಎಲ್ಲೂ ಸರಿಸಮ ಕಾಣುವುದಿಲ್ಲ. ಪಟ್ಟಿಗಳ ಉದ್ದದಲ್ಲಿ ಮಾತ್ರ ಅಚ್ಚುಕಟ್ಟಾದ ಸಮತೆ ಇದೆ. ಇದು ಎಲ್ಲಿಂದ ಬಂತು?

ಕವಲಿಯೇರಿಯ ಮಾತು, ಆರ್ಕಿಮಿಡೀಸನ ಸಾಕ್ಷಿ

ಇಟಲಿಯ ಬೊಲೋನಾದಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದ ಬೊನವೆಂಚುರಾ ಕವಲಿಯೇರಿ 1635 ರಲ್ಲಿ ಒಂದು ಗ್ರಂಥ ಪ್ರಕಟಿಸಿದ. ಅವನ ಹೆಸರಿನಲ್ಲೇ ಇಂದಿಗೂ ಕರೆಯುವ ತತ್ತ್ವ ಹೀಗಿದೆ: ಎರಡು ಆಕೃತಿಗಳನ್ನು ಒಂದೇ ಎತ್ತರದಲ್ಲಿ ಅಡ್ಡ ಕೊಯ್ದಾಗ, ಪ್ರತಿ ಎತ್ತರದಲ್ಲೂ ಎರಡರ ಉದ್ದವೂ ಒಂದೇ ಇದ್ದರೆ, ಅವುಗಳ ವಿಸ್ತೀರ್ಣವೂ ಒಂದೇ. ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟ ನೋಟ್‌ಪುಸ್ತಕಗಳ ರಾಶಿಯನ್ನು ಪಕ್ಕಕ್ಕೆ ತಳ್ಳಿದರೆ ರಾಶಿ ಓರೆಯಾಗುತ್ತದೆ, ಆದರೆ ಒಂದು ಪುಸ್ತಕವೂ ಹೆಚ್ಚುವುದಿಲ್ಲ, ಕಡಿಮೆಯಾಗುವುದಿಲ್ಲ.

ನಮ್ಮ ಜಾಗದ ಪ್ರತಿ ಅಡ್ಡ ಪಟ್ಟಿಯನ್ನೂ ಹಾಗೇ ಸರಿಸೋಣ, ಎಲ್ಲ ಪಟ್ಟಿಗಳ ಬಲತುದಿ ಒಂದೇ ನೆಟ್ಟ ಗೆರೆಗೆ ಬರುವಂತೆ ಜೋಡಿಸೋಣ. ಓರೆ ಗೆರೆ ಈಗ ನೆಟ್ಟಗಾಯಿತು. ಪಟ್ಟಿಯ ಉದ್ದ y + 2 − y², ಇದನ್ನು (2 − y)(1 + y) ಎಂದೂ ಬರೆಯಬಹುದು. ಅದು y = −1 ರಲ್ಲೂ y = 2 ರಲ್ಲೂ ಸೊನ್ನೆ, ಎರಡರ ನಟ್ಟನಡುವೆ y = 0.5 ರಲ್ಲಿ ಅತಿ ಹೆಚ್ಚು, 2.25. ಅಂದರೆ ನೇರವಾಗಿ ನಿಂತ, ಮೇಲೂ ಕೆಳಗೂ ಸರಿಸಮನಾದ ಒಂದು ಪರವಲಯದ ತುಂಡು ನಮ್ಮ ಓರೆ ಜಾಗದೊಳಗೆ ಅಡಗಿತ್ತು. ಆರು ಉದ್ದಗಳಲ್ಲಿ ಕಂಡ ಸಮತೆ ಅದರದ್ದೇ. ನಿಲುವು ಪಟ್ಟಿಗಳಲ್ಲಿ ಇದು ಎಂದೂ ಕಾಣುತ್ತಿರಲಿಲ್ಲ.

ಪರವಲಯವನ್ನು ಒಂದು ನೇರ ಗೆರೆ ಕತ್ತರಿಸಿದಾಗ ಸಿಗುವ ತುಂಡಿನ ವಿಸ್ತೀರ್ಣವನ್ನು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲೇ ಸಿರಾಕ್ಯೂಸ್‌ನ ಆರ್ಕಿಮಿಡೀಸ್ ಕಂಡುಹಿಡಿದಿದ್ದ. ದೋಸಿಥಿಯಸ್ ಎಂಬುವನಿಗೆ ಕಳುಹಿಸಿದ ಬರಹದಲ್ಲಿ ಅದನ್ನು ಸಾಧಿಸಿ ತೋರಿಸಿದ. ಆ ತುಂಡಿನೊಳಗೆ, ಕತ್ತರಿಸುವ ಗೆರೆಯನ್ನೇ ಪಾದವಾಗಿಟ್ಟುಕೊಂಡು, ಪರವಲಯದ ಮೇಲೆ ಆ ಗೆರೆಯಿಂದ ಅತ್ಯಂತ ದೂರದ ಬಿಂದುವನ್ನು ಶೃಂಗವಾಗಿಸಿ ಒಂದು ತ್ರಿಕೋನ ಬರೆಯಬೇಕು. ತುಂಡಿನ ವಿಸ್ತೀರ್ಣ ಆ ತ್ರಿಕೋನದ 4/3 ರಷ್ಟು.

ನಮ್ಮ ಲೆಕ್ಕಕ್ಕೆ ಇದನ್ನು ಹಚ್ಚಿ ನೋಡೋಣ. ಓರೆ ಗೆರೆಯಿಂದ ಅತ್ಯಂತ ದೂರದ ಬಿಂದು y = 0.5 ರಲ್ಲಿದೆ, ಅಂದರೆ (0.25, 0.5). ಆ ಎತ್ತರದಲ್ಲಿ ತ್ರಿಕೋನದ ಅಡ್ಡ ಉದ್ದ 2.25, ತ್ರಿಕೋನದ ಒಟ್ಟು ಎತ್ತರ 3. ವಿಸ್ತೀರ್ಣ ಅವುಗಳ ಗುಣಲಬ್ಧದ ಅರ್ಧ, 3.375. ಅದರ 4/3 ರಷ್ಟು ಎಂದರೆ 4.5. ಅನುಕಲನದ ಚಿಹ್ನೆ ಹುಟ್ಟುವುದಕ್ಕೆ ಸುಮಾರು ಎರಡು ಸಾವಿರ ವರ್ಷ ಮೊದಲಿನ ದಾರಿಯಲ್ಲಿ ಹೋದರೂ ಅದೇ ಸಂಖ್ಯೆ ಬರುತ್ತದೆ. ಪರೀಕ್ಷೆಯಲ್ಲಿ ಉತ್ತರವನ್ನು ತಾಳೆ ನೋಡುವುದಕ್ಕೆ ಇದೊಂದು ಗಟ್ಟಿ ಸಾಧನ.

ತಪ್ಪು ಎಲ್ಲಿ ನುಸುಳುತ್ತದೆ

ಈ ಬಗೆಯ ಲೆಕ್ಕದಲ್ಲಿ ಪದೇಪದೇ ಕಾಣುವ ತಪ್ಪುಗಳು ಕೆಲವೇ. ಮೊದಲನೆಯದು, ನಿಲುವು ಪಟ್ಟಿ ಹಿಡಿದು, ಕೆಳಗಿನ ಗೆರೆ ಬದಲಾಗುವುದನ್ನು ಗಮನಿಸದೆ, x = 0 ರಿಂದ 4 ರವರೆಗೆ ಒಂದೇ ಉಸಿರಿಗೆ ಅನುಕಲನ ಮಾಡುವುದು:

∫₀⁴ [√x − (x − 2)] dx = 16/3

ಇದು ಸುಮಾರು 5.33. ಸರಿ ಉತ್ತರಕ್ಕಿಂತ 5/6 ರಷ್ಟು ಹೆಚ್ಚು. ಈ 5/6 ಎಲ್ಲಿಂದ ಬಂತು ಎಂದು ಚಿತ್ರದಲ್ಲಿ ಬೆರಳಿಟ್ಟು ತೋರಿಸಬಹುದು. x ಸೊನ್ನೆಯಿಂದ 1 ರವರೆಗೆ ಇರುವಲ್ಲಿ ಓರೆ ಗೆರೆ ಪರವಲಯದ ಕೆಳತೋಳಿಗಿಂತಲೂ ಕೆಳಗಿದೆ. ಆ ಎರಡರ ನಡುವಿನ ಮೂಲೆ ನಮ್ಮ ಜಾಗಕ್ಕೆ ಸೇರಿದ್ದೇ ಅಲ್ಲ, ಆದರೂ ಲೆಕ್ಕದೊಳಗೆ ಬಂದುಬಿಟ್ಟಿದೆ. ಆ ಮೂಲೆಯ ವಿಸ್ತೀರ್ಣ ಸರಿಯಾಗಿ 5/6. ಈ ತಪ್ಪು ಅಪಾಯಕಾರಿ, ಏಕೆಂದರೆ ಉತ್ತರ ಧನಸಂಖ್ಯೆಯಾಗಿಯೇ ಇರುತ್ತದೆ, ಗಾತ್ರವೂ ನಂಬುವಂತೆ ಇರುತ್ತದೆ. ಆರ್ಕಿಮಿಡೀಸನ ತ್ರಿಕೋನದಂಥ ಬೇರೊಂದು ದಾರಿಯ ತಾಳೆ ಮಾತ್ರ ಇದನ್ನು ಹಿಡಿಯುತ್ತದೆ.

ಎರಡನೆಯದು ಇದರ ವಿರುದ್ಧ ತಪ್ಪು. ಸೇರುವ ಬಿಂದುಗಳ x ಬೆಲೆ 1 ಮತ್ತು 4 ಎಂದು ಕಂಡು, ಅವೇ ಮಿತಿ ಎಂದುಕೊಂಡು, 1 ರಿಂದ 4 ರವರೆಗಿನ ತುಂಡನ್ನಷ್ಟೇ ಲೆಕ್ಕ ಹಾಕುವುದು. ಆಗ 19/6, ಅಂದರೆ ಸುಮಾರು 3.17 ಬರುತ್ತದೆ. ಪರವಲಯದ ಮೂಗು ಪೂರ್ತಿ ಬಿಟ್ಟುಹೋಗಿರುತ್ತದೆ. ಇದನ್ನು ಹಿಡಿಯುವುದು ಸುಲಭ. ಒಳಗೆ ಬರೆದ ತ್ರಿಕೋನವೇ 3.375 ಇರುವಾಗ ಅದನ್ನು ಒಳಗೊಂಡ ಜಾಗ ಅದಕ್ಕಿಂತ ಚಿಕ್ಕದಾಗಲು ಸಾಧ್ಯವಿಲ್ಲ.

ಮೂರನೆಯ ತಪ್ಪು ಅಡ್ಡ ಪಟ್ಟಿಗೆ ಬಂದ ಮೇಲೆ ಆಗುವಂಥದ್ದು. dy ಎಂದು ಬರೆದು, ಮಿತಿಗಳನ್ನು ಮಾತ್ರ x ಬೆಲೆಗಳಿಂದಲೇ ಹಾಕುವುದು. 1 ರಿಂದ 4 ರವರೆಗೆ (y + 2 − y²) ಅನುಕಲನ ಮಾಡಿದರೆ −7.5 ಬರುತ್ತದೆ. ವಿಸ್ತೀರ್ಣ ಋಣಸಂಖ್ಯೆಯಾದರೆ ಎಲ್ಲೋ ಎಡವಿದ್ದೇವೆ ಎಂದು ತಕ್ಷಣ ತಿಳಿಯಬೇಕು. ಕೆಲವರು ಆ ಋಣಚಿಹ್ನೆಯನ್ನು ಸುಮ್ಮನೆ ಅಳಿಸಿ 7.5 ಎಂದು ಬರೆದು ಮುಂದೆ ಹೋಗುತ್ತಾರೆ. ಚಿಹ್ನೆ ಅಳಿಸುವುದು ಸರಿಯಾಗುವುದು ಒಂದೇ ಸಂದರ್ಭದಲ್ಲಿ: ಬಲದಿಂದ ಎಡ ಕಳೆಯುವ ಬದಲು ಎಡದಿಂದ ಬಲ ಕಳೆದು −4.5 ಬಂದಾಗ. ಯಾವ ಕಾರಣಕ್ಕೆ ಋಣ ಬಂತು ಎಂದು ಗೊತ್ತಾಗದೆ ಅದನ್ನು ಅಳಿಸಬಾರದು. dy ಬರೆದ ಮೇಲೆ ಮಿತಿಗಳೂ y ಬೆಲೆಗಳು, ಒಳಗಿನ ಉದ್ದವೂ y ನಲ್ಲೇ ಇರಬೇಕು. ಒಂದು x ಕೂಡ ಉಳಿದಿರಬಾರದು.

ಕಡಿಯಬೇಕಿಲ್ಲದಿದ್ದರೂ ಅಡ್ಡವೇ ಮೇಲು

ಅಡ್ಡ ಪಟ್ಟಿಯ ಲಾಭ ಲೆಕ್ಕವನ್ನು ಎರಡು ತುಂಡು ಮಾಡುವುದನ್ನು ತಪ್ಪಿಸುವುದಷ್ಟೇ ಅಲ್ಲ. y = ln x ಎಂಬ ಲಾಗರಿತಮ್ ಗೆರೆ, x ಅಕ್ಷ ಮತ್ತು x = e ಎಂಬ ನೆಟ್ಟ ಗೆರೆ, ಇವುಗಳ ನಡುವಿನ ಜಾಗ ತೆಗೆದುಕೊಳ್ಳಿ. e ಎಂದರೆ ಸುಮಾರು 2.718. ಇಲ್ಲಿ ನಿಲುವು ಪಟ್ಟಿಗೂ ಒಂದೇ ಅನುಕಲನ ಸಾಕು, 1 ರಿಂದ e ವರೆಗೆ ln x. ಆದರೆ ln x ಅನ್ನು ಅನುಕಲಿಸಲು ಭಾಗಶಃ ಅನುಕಲನದ ವಿಧಾನ ಬೇಕು. ಅದು ಗೊತ್ತಿಲ್ಲದವರು ಅಲ್ಲೇ ನಿಲ್ಲುತ್ತಾರೆ.

ಅಡ್ಡ ಸೀಳಿದರೆ ಪಟ್ಟಿಯ ಬಲತುದಿ x = e, ಎಡತುದಿ ಲಾಗರಿತಮ್ ಗೆರೆ. ಆ ಗೆರೆಯನ್ನು x ಎಷ್ಟು ಎಂಬಂತೆ ಬರೆದರೆ x = eʸ. y ಸೊನ್ನೆಯಿಂದ 1 ರವರೆಗೆ.

∫₀¹ (e − eʸ) dy = e − (e − 1) = 1

eʸ ನ ಅನುಕಲನ eʸ ಆಗಿಯೇ ಉಳಿಯುತ್ತದೆ, ಹಾಗಾಗಿ ಮಾಡಲು ಏನೂ ಇಲ್ಲ. e ಅಗಲ, 1 ಎತ್ತರದ ಆಯತದಿಂದ ಗೆರೆಯ ಎಡಗಡೆಯ ಭಾಗವನ್ನು ಕಳೆದಂತೆ ಆಯಿತು. ವಿಸ್ತೀರ್ಣ ಪೂರ್ತಿ 1.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. x = y⁵ + y ಎಂಬ ಗೆರೆ, y ಅಕ್ಷ ಮತ್ತು y = 1 ಎಂಬ ಅಡ್ಡ ಗೆರೆ, ಇವುಗಳ ನಡುವಿನ ಜಾಗ ಎಷ್ಟು? ಗೆರೆ (0, 0) ರಿಂದ (2, 1) ರವರೆಗೆ ಸುಮ್ಮನೆ ಏರುತ್ತದೆ, ನೋಡಲು ಯಾವ ತೊಡಕೂ ಇಲ್ಲ. ಅಡ್ಡ ಪಟ್ಟಿಯಲ್ಲಿ ಲೆಕ್ಕ ಒಂದೇ ಸಾಲು:

∫₀¹ (y⁵ + y) dy = 1/6 + 1/2 = 2/3

ನಿಲುವು ಪಟ್ಟಿಗೆ ಹೋದರೆ y ಅನ್ನು x ಮೂಲಕ ಬರೆಯಬೇಕು, ಅಂದರೆ y⁵ + y = x ಎಂಬ ಐದನೆಯ ಘಾತದ ಸಮೀಕರಣವನ್ನು y ಗಾಗಿ ಬಿಡಿಸಬೇಕು. ಕೂಡು, ಕಳೆ, ಗುಣಿಸು, ಭಾಗಿಸು ಮತ್ತು ಮೂಲ ತೆಗೆ, ಇಷ್ಟನ್ನೇ ಬಳಸಿ ಐದನೆಯ ಘಾತದ ಎಲ್ಲ ಸಮೀಕರಣಗಳಿಗೂ ಹೊಂದುವ ಸೂತ್ರ ಸಾಧ್ಯವಿಲ್ಲ ಎಂದು ನಾರ್ವೆಯ ನೀಲ್ಸ್ ಹೆನ್ರಿಕ್ ಏಬೆಲ್ 1824 ರಲ್ಲಿ ತೋರಿಸಿದ. ನಮ್ಮ y⁵ + y = x ಕೂಡ ಅಂಥ ಸೂತ್ರಕ್ಕೆ ಸಿಗದ ಸಮೀಕರಣವೇ. ನಿಲುವು ಪಟ್ಟಿಯ ಎತ್ತರವನ್ನು ಆ ರೀತಿ ಬರೆಯಲು ದಾರಿಯೇ ಇಲ್ಲ. ಆದರೆ ಅದೇ ಜಾಗದ ವಿಸ್ತೀರ್ಣವನ್ನು ಅಡ್ಡ ಸೀಳಿ ಹೈಸ್ಕೂಲ್ ಭಿನ್ನರಾಶಿಯಲ್ಲಿ ಹೇಳಬಹುದು. ಇಲ್ಲಿ ದಿಕ್ಕು ಬದಲಿಸುವುದು ಬರೀ ಅನುಕೂಲದ ಮಾತಾಗಿ ಉಳಿಯುವುದಿಲ್ಲ, ಲೆಕ್ಕ ಆಗುತ್ತದೋ ಇಲ್ಲವೋ ಎಂಬುದೇ ಅದರ ಮೇಲೆ ನಿಂತಿರುತ್ತದೆ.

ಅಡ್ಡ ಪಟ್ಟಿ ಸೋಲುವ ಕಡೆ

ಹಾಗೆಂದು ಅಡ್ಡವೇ ಯಾವಾಗಲೂ ಸರಿ ಎಂದುಕೊಳ್ಳಬಾರದು. ನಮ್ಮ ಮೊದಲ ಲೆಕ್ಕದಲ್ಲಿ x ಇದ್ದಲ್ಲಿ y, y ಇದ್ದಲ್ಲಿ x ಹಾಕಿ. ಪರವಲಯ y = x², ನೇರ ಗೆರೆ y = x + 2 ಆಗುತ್ತವೆ. ಜಾಗ y = x ಎಂಬ ಕನ್ನಡಿಯಲ್ಲಿ ಕಂಡ ಪ್ರತಿಬಿಂಬ, ವಿಸ್ತೀರ್ಣ ಅದೇ 4.5. ಆದರೆ ಈಗ ಅಡ್ಡ ಪಟ್ಟಿಯೇ ನಡುವೆ ಮುರಿಯುತ್ತದೆ. y = 1 ಕ್ಕಿಂತ ಕೆಳಗೆ ಅದರ ಎರಡೂ ತುದಿ ಪರವಲಯದ ಮೇಲೆ, ಅದಕ್ಕಿಂತ ಮೇಲೆ ಎಡತುದಿ ನೇರ ಗೆರೆಯ ಮೇಲೆ. ಇಲ್ಲಿ ನಿಲುವು ಪಟ್ಟಿ ಹಿಡಿದವರಿಗೇ ಒಂದು ಸಾಲಿನ ಲೆಕ್ಕ. ಇನ್ನು ಪೂರ್ತಿ ವೃತ್ತದಂಥ ಆಕೃತಿಗೆ ಎರಡೂ ದಿಕ್ಕು ಒಂದೇ: ಹೇಗೆ ಸೀಳಿದರೂ ವರ್ಗಮೂಲ ಬಂದೇ ಬರುತ್ತದೆ, ತಿರುಗಿಸಿ ನೋಡಿ ಏನೂ ಲಾಭವಿಲ್ಲ.

ಸಮೀಕರಣವೇ ಒಂದು ಸುಳಿವು ಕೊಡುತ್ತದೆ. y² = x, x = eʸ, x = y⁵ + y ಹೀಗೆ x ಒಂಟಿಯಾಗಿ ನಿಂತು ಎಲ್ಲ ಗೊಂದಲ y ಕಡೆ ಇದ್ದರೆ ಮೊದಲು ಅಡ್ಡ ಪಟ್ಟಿಯನ್ನೇ ಪರೀಕ್ಷಿಸಿ. y ಒಂಟಿಯಾಗಿದ್ದರೆ ನಿಲುವು ಪಟ್ಟಿ. ಸುಳಿವು ಸಿಕ್ಕ ಮೇಲೂ ಚಿತ್ರ ಬರೆದು ಪೆನ್ಸಿಲ್ ಸರಿಸಿ ನೋಡುವುದನ್ನು ಬಿಡಬಾರದು. ಏಕೆಂದರೆ ಗೆರೆ ಬದಲಾಗುವ ಜಾಗವನ್ನು ಸಮೀಕರಣ ತಾನಾಗಿ ಹೇಳುವುದಿಲ್ಲ.

ನೀರನ್ನು ಅಳೆಯುವವರು

ಎಂಜಿನಿಯರುಗಳಿಗೆ ಈ ಆಯ್ಕೆ ದಿನದ ಕೆಲಸ. ಒಂದು ಅಣೆಕಟ್ಟಿನ ನೆಟ್ಟಗೆ ನಿಂತ ಗೇಟಿನ ಮೇಲೆ ನೀರು ಎಷ್ಟು ಬಲ ಹಾಕುತ್ತದೆ ಎಂದು ಕಂಡುಹಿಡಿಯಬೇಕು ಎನ್ನಿ. ಗೇಟು 2 ಮೀಟರ್ ಅಗಲ, 3 ಮೀಟರ್ ಎತ್ತರ, ನೀರು ಸರಿಯಾಗಿ ಅದರ ಮೇಲಂಚಿನವರೆಗೆ ಇದೆ. ನೀರಿನ ಒತ್ತಡ ಆಳದ ಜೊತೆ ಹೆಚ್ಚುತ್ತದೆ: h ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 9.8h ಕಿಲೋನ್ಯೂಟನ್. ನಿಲುವು ಪಟ್ಟಿ ತೆಗೆದುಕೊಂಡರೆ ಒಂದೇ ಪಟ್ಟಿಯೊಳಗೆ ಮೇಲೆ ಸೊನ್ನೆ ಒತ್ತಡ, ಕೆಳಗೆ ಪೂರ್ತಿ ಒತ್ತಡ. ಅದನ್ನು ಒಂದು ಸಂಖ್ಯೆಯಿಂದ ಗುಣಿಸುವ ಹಾಗಿಲ್ಲ. ಅಡ್ಡ ಪಟ್ಟಿಯಲ್ಲಾದರೆ ಇಡೀ ಪಟ್ಟಿ ಒಂದೇ ಆಳದಲ್ಲಿದೆ, ಒತ್ತಡವೂ ಒಂದೇ. ಪಟ್ಟಿಯ ಮೇಲಿನ ಬಲ 9.8h × 2 × dh. ಸೊನ್ನೆಯಿಂದ 3 ರವರೆಗೆ ಅನುಕಲಿಸಿದರೆ 88.2 ಕಿಲೋನ್ಯೂಟನ್, ಹೆಚ್ಚುಕಡಿಮೆ ಒಂಬತ್ತು ಟನ್ ಭಾರ.

ಹರಿಯುವ ನದಿಗೆ ಬಂದರೆ ಅದೇ ಎಂಜಿನಿಯರುಗಳು ದಿಕ್ಕು ಬದಲಿಸುತ್ತಾರೆ. ಸೆಕೆಂಡಿಗೆ ಎಷ್ಟು ನೀರು ಹರಿಯುತ್ತದೆ ಎಂದು ತಿಳಿಯಲು ನದಿಯ ಅಡ್ಡಕೊಯ್ತವನ್ನು ದಡದಿಂದ ದಡಕ್ಕೆ ನಿಲುವು ಪಟ್ಟಿಗಳಾಗಿ ಭಾಗಿಸುತ್ತಾರೆ. ದೋಣಿಯಿಂದಲೋ ಸೇತುವೆಯಿಂದಲೋ ಪ್ರತಿ ಪಟ್ಟಿಯಲ್ಲೂ ಆಳ ಅಳೆದು, ಕರೆಂಟ್ ಮೀಟರ್ ಇಳಿಸಿ ವೇಗ ನೋಡುತ್ತಾರೆ. ಆಳ ಕಡಿಮೆ ಇದ್ದರೆ ಮೇಲ್ಮೈಯಿಂದ ಆಳದ 0.6 ಭಾಗದಲ್ಲಿ ಒಂದು ಅಳತೆ, ಆಳ ಹೆಚ್ಚಿದ್ದರೆ 0.2 ಮತ್ತು 0.8 ಭಾಗಗಳಲ್ಲಿ ಎರಡು ಅಳತೆ ತೆಗೆದು ಸರಾಸರಿ. ಇಲ್ಲಿ ನಿಲುವು ಪಟ್ಟಿಯೇ ಸರಿ, ಏಕೆಂದರೆ ದಡದಿಂದ ಇಷ್ಟು ದೂರ ಎಂದರೆ ಅಲ್ಲಿ ಆಳ ಒಂದೇ: ಮೇಲೆ ನೀರಿನ ಮಟ್ಟ, ಕೆಳಗೆ ನದಿಯ ತಳ. ಅಡ್ಡ ಸೀಳಿದರೆ ನದಿ ತಳದ ಪ್ರತಿ ದಿಬ್ಬವೂ ಪಟ್ಟಿಯನ್ನು ಎರಡು ಮೂರು ತುಂಡು ಮಾಡುತ್ತದೆ.

ಗೇಟಿಗೆ ಅಡ್ಡ, ನದಿಗೆ ನಿಲುವು. ಎರಡೂ ಕಡೆ ಕೇಳಿಕೊಂಡದ್ದು ಒಂದೇ: ಯಾವ ದಿಕ್ಕಿನಲ್ಲಿ ಸೀಳಿದರೆ ಒಂದು ಪಟ್ಟಿಯ ಬಗ್ಗೆ ಹೇಳಬೇಕಾದ್ದನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು, ಮತ್ತು ಆ ಮಾತು ಎಲ್ಲ ಪಟ್ಟಿಗಳಿಗೂ ಅನ್ವಯಿಸುತ್ತದೆ? y² = x ಮತ್ತು y = x − 2 ಎಂದು ಪ್ರಶ್ನೆಪತ್ರಿಕೆಯಲ್ಲಿ ಕಂಡ ವಿದ್ಯಾರ್ಥಿ ಲೆಕ್ಕಕ್ಕೆ ಕೈಹಾಕುವ ಮೊದಲು ಈ ಪ್ರಶ್ನೆಯನ್ನು ಕೇಳಿಕೊಂಡರೆ, ಉಳಿದದ್ದು ಮೂರು ಸಾಲಿನ ಕೆಲಸ.